ಮಲಗಿದ ಖಾತೆಯನ್ನು ಮುಚ್ಚುವುದು ಹೇಗೆ?

ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು. ಈ ನಾಲ್ಕರಲ್ಲಿ ಒಂದಾದರೂ ಹೆಸರು ಹೊತ್ತ ಪಾಸ್‌ಬುಕ್ ನಮ್ಮ ರಾಜ್ಯದ ಎಷ್ಟೋ ಮನೆಗಳ ಬೀರುವಿನಲ್ಲಿ ಇನ್ನೂ ಇದೆ. ಬ್ಯಾಂಕುಗಳು ಮಾತ್ರ ಆ ಹೆಸರಿನಲ್ಲಿ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು, ಮೊದಲ ಕೆಲಸದ ಸಂಬಳಕ್ಕೆಂದು ತೆರೆದ ಎಸ್‌.ಬಿ. ಅಕೌಂಟುಗಳು ಊರು ಬದಲಾದಂತೆ ಮರೆತುಹೋದವು. ಬ್ಯಾಂಕೇ ಇಲ್ಲವಾದ ಮೇಲೆ ದುಡ್ಡು ಎಲ್ಲಿದ್ದೀತು ಎಂದು ಅನೇಕರು ಕೈಚೆಲ್ಲಿದ್ದಾರೆ. ದುಡ್ಡು ಎಲ್ಲಿಗೂ ಹೋಗಿಲ್ಲ. ವಿಲೀನವಾದಾಗ ಹಳೆಯ ಬ್ಯಾಂಕಿನ ಎಲ್ಲ ಠೇವಣಿಯ ಹೊಣೆಯನ್ನೂ ಹೊಸ ಬ್ಯಾಂಕ್ ಹೊತ್ತುಕೊಂಡಿದೆ. ತೊಂದರೆ ಇರುವುದು ಬೇರೆ ಕಡೆ: ಅಂದು ಖಾತೆ ತೆರೆದವರು ನೀವೇ ಎಂದು ಇಂದು ಕಾಗದದಲ್ಲಿ ತೋರಿಸುವುದರಲ್ಲಿ.

ಒಂದು ಉದಾಹರಣೆ ಹಿಡಿದು ಹೋಗೋಣ. ಉಡುಪಿ ಕಡೆಯ ಹುಡುಗಿಯೊಬ್ಬಳು, ಸುಮಾ ಅಂತಿಟ್ಟುಕೊಳ್ಳಿ, ಕಾಲೇಜಿನಲ್ಲಿದ್ದಾಗ ಊರಿನ ಸಿಂಡಿಕೇಟ್ ಬ್ಯಾಂಕ್ ಶಾಖೆಯಲ್ಲಿ ‘ಎಸ್. ಸುಮಾ’ ಎಂಬ ಹೆಸರಿನಲ್ಲಿ ಖಾತೆ ತೆರೆದಳು. ಅರ್ಜಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದಳು. ತವರಿನ ವಿಳಾಸ ಕೊಟ್ಟಳು, ಮನೆಯ ಲ್ಯಾಂಡ್‌ಲೈನ್ ನಂಬರ್ ಕೊಟ್ಟಳು. ಮದುವೆಯಾಗಿ ಮೈಸೂರಿಗೆ ಬಂದು ಶಿಕ್ಷಕಿಯಾದರು. ಆಧಾರ್ ಮಾಡಿಸುವಾಗ ಹೆಸರಿನ ಮುಂದೆ ಗಂಡನ ಹೆಸರು ಸೇರಿಕೊಂಡಿತು. ಸಂಬಳ ಬೇರೆ ಬ್ಯಾಂಕಿಗೆ ಬರತೊಡಗಿತು, ಸಹಿ ಇಂಗ್ಲಿಷಿಗೆ ಹೊರಳಿತು. ಹಳೆಯ ಖಾತೆಯಲ್ಲಿ ಕೊನೆಯ ಬಾರಿ ಹಣ ತೆಗೆದದ್ದು 2017ರ ಜೂನ್‌ನಲ್ಲಿ; ಆಗ ಉಳಿದದ್ದು 12,000 ರೂಪಾಯಿ. ಈಗ ಆ ಖಾತೆ ಮುಚ್ಚಿ ಹಣವನ್ನು ಮೈಸೂರಿನ ಖಾತೆಗೆ ತರಿಸಿಕೊಳ್ಳಬೇಕು.

ಖಾತೆ ಮಲಗುವುದು ಯಾವಾಗ?

ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಈ ಬಗ್ಗೆ ಪರಿಷ್ಕೃತ ಸೂಚನೆ ಹೊರಡಿಸಿತು. ಅದು ಆ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಎರಡು ವರ್ಷ ಮೀರಿ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯ. ಬ್ಯಾಂಕಿನವರ ಬಾಯಲ್ಲಿ ಇದು ಡಾರ್ಮೆಂಟ್ ಅಥವಾ ಇನಾಪರೇಟಿವ್. ಗ್ರಾಹಕರ ಕಡೆಯಿಂದ ಎಂಬ ಮಾತನ್ನು ಗಮನಿಸಬೇಕು. ಬ್ಯಾಂಕ್ ತಾನಾಗಿ ಜಮಾ ಮಾಡುವ ಬಡ್ಡಿ, ತಾನಾಗಿ ಕತ್ತರಿಸುವ ಶುಲ್ಕ ಲೆಕ್ಕಕ್ಕಿಲ್ಲ. ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಬೀಳುತ್ತಿದೆ, ಆದ್ದರಿಂದ ಖಾತೆ ಎಚ್ಚರವಾಗಿದೆ ಎಂದುಕೊಳ್ಳುವುದು ತಪ್ಪು. ಆದರೆ ನೀವೇ ಒಪ್ಪಿಗೆ ಕೊಟ್ಟ ವಿಮೆಯ ಕಂತು ತಪ್ಪದೆ ಕಡಿತವಾಗುತ್ತಿದ್ದರೆ ಅದು ನಿಮ್ಮ ವ್ಯವಹಾರವೇ. ಕೆವೈಸಿ ನವೀಕರಿಸಿದ್ದರೂ ಅದೇ.

ಸುಮಾ ಅವರ ಖಾತೆ ಹೀಗೆ 2019ರ ಜೂನ್ ಕಳೆಯುವಷ್ಟರಲ್ಲಿ ನಿಷ್ಕ್ರಿಯವಾಯಿತು. ವಿಲೀನವಾಗುವ ಹೊತ್ತಿಗೆ ಅದು ಮಲಗಿಯೇ ಇತ್ತು.

ಮಲಗಿದ ಖಾತೆಗೂ ಉಳಿತಾಯ ಖಾತೆಯ ಬಡ್ಡಿ ಬರುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವ ಅಧಿಕಾರ ಬ್ಯಾಂಕಿಗಿಲ್ಲ. ಕನಿಷ್ಠ ಶಿಲ್ಕು ಇಲ್ಲವೆಂದು ನಿಷ್ಕ್ರಿಯ ಖಾತೆಗೆ ದಂಡ ಹಾಕುವಂತಿಲ್ಲ. ಮತ್ತೆ ಚಾಲೂ ಮಾಡಿಕೊಡಲೂ ಶುಲ್ಕ ಕೇಳುವಂತಿಲ್ಲ. ವರ್ಷಕ್ಕೆ ಶೇಕಡಾ 3ರ ಆಸುಪಾಸಿನ ಬಡ್ಡಿ ಹಿಡಿದರೂ ಆ 12,000 ಈಗ ಹದಿನೈದು ಸಾವಿರದ ಹತ್ತಿರ ಇರಬೇಕು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಅದಕ್ಕಿಂತ ತುಂಬಾ ಕಡಿಮೆ ಕಂಡರೆ ಒಂದೊಂದು ಸಾಲನ್ನೂ ನೋಡಬೇಕು. ನಿಷ್ಕ್ರಿಯವಾಗುವ ಮೊದಲಿನ ಎರಡು ವರ್ಷದಲ್ಲಿ ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕವೋ ಎಸ್‌ಎಂಎಸ್ ಶುಲ್ಕವೋ ಹೋಗಿರಬಹುದು. ಅದು ಬೇರೆ ಮಾತು. ನಿಷ್ಕ್ರಿಯವಾದ ತಾರೀಖಿನ ನಂತರ ಕನಿಷ್ಠ ಶಿಲ್ಕಿನ ದಂಡ ಕಡಿತವಾಗಿದ್ದರೆ ಮಾತ್ರ ಅದನ್ನು ವಾಪಸ್ ಕೇಳಿ. ಖಾತೆ ಮುಚ್ಚುವ ಮೊದಲೇ ಕೇಳಿ. ಮುಚ್ಚಿದ ಮೇಲೆ ಯಾವ ಖಾತೆಗೆ ಜಮಾ ಮಾಡುವುದು ಎಂಬ ಪ್ರಶ್ನೆಯಲ್ಲೇ ದಿನ ಹೋಗುತ್ತದೆ.

ಎಬ್ಬಿಸದೆ ಮುಚ್ಚಲಾಗದು

ನನಗೆ ಖಾತೆಯೇ ಬೇಡ, ಮುಚ್ಚಿ ಹಣ ಕೊಡಿ ಎಂದು ಕೌಂಟರಿನಲ್ಲಿ ನಿಂತರೆ ‘ಮೊದಲು ಆಕ್ಟಿವೇಟ್ ಮಾಡಿಸಿ’ ಎನ್ನುತ್ತಾರೆ. ಬೇಡದ ಖಾತೆಯನ್ನು ಚಾಲೂ ಮಾಡುವುದೇಕೆ ಎಂದು ಸಿಟ್ಟು ಬರುವುದು ಸಹಜ. ಕಾರಣವಿದೆ. ನಿಷ್ಕ್ರಿಯ ಖಾತೆಯಿಂದ ಗ್ರಾಹಕರು ಬಂದು ಎಬ್ಬಿಸುವವರೆಗೆ ಹಣ ಹೊರಗೆ ಹೋಗದಂತೆ ಕಂಪ್ಯೂಟರಿನಲ್ಲೇ ತಡೆ ಇರುತ್ತದೆ. ಯಾರೂ ವಿಚಾರಿಸದ ಖಾತೆ ಕಳ್ಳರಿಗೆ ಇಷ್ಟ, ಒಳಗಿನ ಕಳ್ಳರಿಗೆ ಇನ್ನೂ ಇಷ್ಟ. ಅದಕ್ಕೇ ಹೀಗೆ ಎದ್ದ ಖಾತೆಯ ವ್ಯವಹಾರದ ಮೇಲೆ ಕನಿಷ್ಠ ಆರು ತಿಂಗಳು ಮೇಲಿನ ಕಚೇರಿಯಿಂದ ಕಣ್ಣಿಡಬೇಕು, ಅದೂ ಶಾಖೆಯ ಸಿಬ್ಬಂದಿಗೆ ಗೊತ್ತಾಗದಂತೆ, ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಗುಮಾಸ್ತರು ನಿಮ್ಮ ಕಾಗದವನ್ನು ಎರಡೆರಡು ಸಲ ತಿರುವಿ ನೋಡಿದರೆ ಅದು ನಿಮ್ಮ ಮೇಲಿನ ಗುಮಾನಿಯಲ್ಲ. ನಾಳೆ ಅವರೂ ಉತ್ತರ ಹೇಳಬೇಕು.

ಹಾಗಾಗಿ ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳುವುದು ಜಾಣತನ: ಕೆವೈಸಿ ನವೀಕರಿಸಿ ಖಾತೆ ಚಾಲೂ ಮಾಡಿ, ಆಮೇಲೆ ಮುಚ್ಚಿ ಹಣ ವರ್ಗಾಯಿಸಿ. ಕೆಲವು ಶಾಖೆಗಳು ಎರಡನ್ನೂ ಒಟ್ಟಿಗೆ ಸ್ವೀಕರಿಸುತ್ತವೆ. ಕೆಲವು ಕಡೆ ಮೊದಲನೆಯದು ಆದ ಮೇಲೆ ಮುಕ್ತಾಯದ ಫಾರಂ ಕೊಡಿ ಎನ್ನುತ್ತಾರೆ. ಎಬ್ಬಿಸುವ ಕೆಲಸಕ್ಕೆ ಮಾತ್ರ ಗಡುವಿದೆ. ಅರ್ಜಿ ಎಲ್ಲ ದಾಖಲೆಗಳೊಂದಿಗೆ ಪೂರ್ತಿಯಾಗಿ ತಲುಪಿದ ಮೇಲೆ ಮೂರು ಕೆಲಸದ ದಿನದೊಳಗೆ ಖಾತೆ ಚಾಲೂ ಆಗಬೇಕು. ‘ಪೂರ್ತಿಯಾಗಿ’ ಎಂಬಲ್ಲಿಯೇ ಗಂಟು. ಒಂದು ಜೆರಾಕ್ಸ್ ಕಡಿಮೆಯಿದ್ದರೂ ಆ ಮೂರು ದಿನ ಶುರುವಾಗುವುದಿಲ್ಲ.

ಸುಮಾ ಇದಕ್ಕಾಗಿ ಉಡುಪಿಗೆ ಬಸ್ಸು ಹತ್ತಬೇಕೇ? ಕೆವೈಸಿ ಕೊಟ್ಟು ಎಬ್ಬಿಸಲು ಬೇಡ. ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಇದನ್ನು ಮಾಡಿಸಬಹುದು, ಖಾತೆ ಇರುವ ಶಾಖೆಯೇ ಆಗಬೇಕಿಲ್ಲ. ಬ್ಯಾಂಕಿನಲ್ಲಿ ವಿಡಿಯೊ ಕೆವೈಸಿ ಸೌಲಭ್ಯ ಇದ್ದರೆ ಮನೆಯಿಂದಲೂ ಆಗುತ್ತದೆ. 2025ರ ಜೂನ್‌ನಿಂದ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಮೂಲಕವೂ ಕೆವೈಸಿ ನವೀಕರಿಸಲು ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿದೆ. ಖಾತೆ ಮುಚ್ಚುವ ಅರ್ಜಿಯನ್ನು ಬೇರೆ ಶಾಖೆ ತೆಗೆದುಕೊಳ್ಳುತ್ತದೋ ಇಲ್ಲವೋ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಮೈಸೂರಿನ ಕೆನರಾ ಶಾಖೆಯಲ್ಲಿ ಅರ್ಜಿ ಕೊಟ್ಟರೆ ಮೂಲ ಶಾಖೆಗೆ ಕಳುಹಿಸುತ್ತೀರಾ ಎಂದು ಮೊದಲೇ ಕೇಳಿಕೊಳ್ಳಬೇಕು.

ಯಾವ ದಾಖಲೆ, ಯಾತಕ್ಕೆ?

ಬ್ಯಾಂಕ್ ಕೇಳುವ ಕಾಗದಗಳು ಉತ್ತರ ಕೊಡಬೇಕಾದ ಪ್ರಶ್ನೆಗಳು ಮೂರೇ. ನೀವು ಯಾರು, ಈಗ ಎಲ್ಲಿದ್ದೀರಿ, ಖಾತೆಯ ಹೆಸರಿನಲ್ಲಿರುವವರೂ ನೀವೂ ಒಬ್ಬರೇ ಎನ್ನುವುದಕ್ಕೆ ಏನು ಆಧಾರ. ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದರಲ್ಲಿ ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುತ್ತವೆ.

ಗುರುತಿಗೆ ಬ್ಯಾಂಕುಗಳು ಒಪ್ಪಬೇಕಾದ ಅಧಿಕೃತ ದಾಖಲೆಗಳು ಇಂತಿವೆ: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯವರು ಕೊಟ್ಟ ಹೆಸರು ವಿಳಾಸವಿರುವ ಪತ್ರ. ಇವುಗಳಲ್ಲಿ ಒಂದು ಸಾಕು. ಪಡಿತರ ಚೀಟಿ ಈ ಪಟ್ಟಿಯಲ್ಲಿಲ್ಲ; ಅದನ್ನೊಂದನ್ನೇ ಹಿಡಿದು ಬಂದು ವಾಪಸ್ ಹೋಗುವ ಹಿರಿಯರು ಇಂದಿಗೂ ಇದ್ದಾರೆ. ಪ್ಯಾನ್ ಕಾರ್ಡ್ ಬೇರೆಯೇ ಬೇಕು, ಅದು ವಿಳಾಸದ ದಾಖಲೆ ಅಲ್ಲ. ಪ್ಯಾನ್ ಇಲ್ಲದವರು ಅದರ ಬದಲಿನ ಘೋಷಣಾ ಪತ್ರ ತುಂಬಿಕೊಡಬೇಕು. ಜನ ಅದನ್ನು ಫಾರಂ 60 ಎಂದೇ ಕರೆಯುವುದು. ಇತ್ತೀಚಿನ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ ಜೊತೆಗಿರಲಿ.

ದಾಖಲೆಯಲ್ಲಿರುವ ವಿಳಾಸ ಹಳೆಯದಾಗಿದ್ದರೆ ಬೇರೊಂದು ಅನುಕೂಲವಿದೆ. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ನೀರು, ದೂರವಾಣಿ ಅಥವಾ ಪೈಪ್ ಗ್ಯಾಸ್ ಬಿಲ್, ಮನೆ ಕಂದಾಯದ ರಸೀದಿ, ನಿವೃತ್ತ ಸರ್ಕಾರಿ ನೌಕರರಾದರೆ ವಿಳಾಸವಿರುವ ಪಿಂಚಣಿ ಆದೇಶ, ಇವನ್ನು ತಾತ್ಕಾಲಿಕವಾಗಿ ವಿಳಾಸಕ್ಕೆ ಒಪ್ಪುತ್ತಾರೆ. ಮೂರು ತಿಂಗಳೊಳಗೆ ಹೊಸ ವಿಳಾಸವಿರುವ ಅಧಿಕೃತ ದಾಖಲೆ ಕೊಡಬೇಕು ಎಂಬುದು ಷರತ್ತು. ಸುಮಾ ಅವರ ಆಧಾರ್‌ನಲ್ಲಿ ಮೈಸೂರಿನ ವಿಳಾಸ ಬಂದಿರುವುದರಿಂದ ಅವರಿಗೆ ಇದರ ಗೊಡವೆಯಿಲ್ಲ.

ಅವರ ಗೊಡವೆ ಹೆಸರಿನದು. ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಕಂಪ್ಯೂಟರಿಗೆ ಇವರಿಬ್ಬರು ಬೇರೆ ಬೇರೆ ಹೆಂಗಸರು. ಇದಕ್ಕೆ ಕೆವೈಸಿ ನಿಯಮದಲ್ಲೇ ಪರಿಹಾರವಿದೆ. ದಾಖಲೆ ಪಡೆದ ನಂತರ ಹೆಸರು ಬದಲಾಗಿದ್ದರೂ ರಾಜ್ಯ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪ್ರಮಾಣಪತ್ರ ಅಥವಾ ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆ ಜೊತೆಗಿದ್ದರೆ ಆ ದಾಖಲೆ ಸಿಂಧು. ಮದುವೆಯ ಆಮಂತ್ರಣ ಪತ್ರಿಕೆ, ಕಲ್ಯಾಣ ಮಂಟಪದ ರಸೀದಿ ನಡೆಯುವುದಿಲ್ಲ. ಉಪ ನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವೇ ಬೇಕು. ಮದುವೆ ನೋಂದಣಿ ಮಾಡಿಸದವರು ಈಗಲೂ ಮಾಡಿಸಬಹುದು.

ಇನಿಷಿಯಲ್ ಬಿಡಿಸಿ ಬರೆದದ್ದರಿಂದಲೇ ವ್ಯತ್ಯಾಸ ಬಂದಿದ್ದರೆ, ‘ಎಸ್. ಸುಮಾ’ ಇದ್ದದ್ದು ‘ಸುಮಾ ಶಂಕರಪ್ಪ’ ಎಂದಾಗಿದ್ದರೆ, ಅಷ್ಟು ಕಷ್ಟವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರೂ ಜನ್ಮದಿನಾಂಕವೂ ಇರುತ್ತವೆ. ಅದರ ಪ್ರತಿಯೊಂದಿಗೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಕೊಟ್ಟರೆ ಸಾಮಾನ್ಯವಾಗಿ ಮ್ಯಾನೇಜರು ಒಪ್ಪುತ್ತಾರೆ. ಒಪ್ಪುವುದು ಅವರ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಸ್ಟ್ಯಾಂಪ್ ಪೇಪರಿಗೆ ದುಡ್ಡು ಹಾಕುವ ಮೊದಲು ಯಾವ ಒಕ್ಕಣೆ ಬೇಕೆಂದು ಶಾಖೆಯಲ್ಲೇ ಕೇಳಿ. ನಮ್ಮ ಕಡೆ ಊರು, ತಂದೆ, ಮನೆತನ ಎಲ್ಲವೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ಕೂರುತ್ತವೆ. ಹೆಸರು, ಮನೆತನದ ಹೆಸರು ಎಂದು ಎರಡೇ ಖಾನೆ ಇಟ್ಟುಕೊಂಡಿರುವ ಫಾರಂಗಳಿಗೆ ಇದು ಅರ್ಥವೇ ಆಗದು. ಫಾರಂ ಬದಲಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಅಫಿಡವಿಟ್ಟೇ ಗತಿ.

ಸಹಿಯದು ಇನ್ನೊಂದು ಕತೆ. ಬ್ಯಾಂಕಿನ ಬಳಿ ಇರುವುದು ಖಾತೆ ತೆರೆಯುವಾಗ ಮಾಡಿದ ಕನ್ನಡದ ಸಹಿ. ಅರ್ಜಿಗೆ ಇಂದಿನ ಇಂಗ್ಲಿಷ್ ಸಹಿ ಹಾಕಿದರೆ ‘ಸಹಿ ಹೊಂದುವುದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಡುತ್ತಾರೆ. ಹಳೆಯ ಸಹಿ ನೆನಪಿದ್ದರೆ ಅದನ್ನೇ ಮಾಡಿ, ಪಕ್ಕದಲ್ಲಿ ಇಂದಿನ ಸಹಿಯನ್ನೂ ಹಾಕಿ. ಹಳೆಯ ಚೆಕ್ ಪುಸ್ತಕದ ಕೌಂಟರ್ ಫಾಯಿಲ್, ಪಾಸ್‌ಬುಕ್ಕಿನ ಮೊದಲ ಪುಟ ಹುಡುಕಿದರೆ ಮಾದರಿ ಸಿಕ್ಕೀತು. ನೆನಪೇ ಇಲ್ಲದಿದ್ದರೆ ಅಧಿಕಾರಿಯ ಎದುರಿಗೇ, ಮೂಲ ಗುರುತಿನ ಚೀಟಿ ತೋರಿಸಿ, ಹೊಸ ಮಾದರಿ ಸಹಿ ಕೊಡುವ ಅರ್ಜಿ ತುಂಬಬೇಕು. ಇದೊಂದು ಕೆಲಸಕ್ಕೆ ಖಾತೆದಾರರೇ ಹೋಗಬೇಕು. ಮಗನನ್ನೋ ತಮ್ಮನನ್ನೋ ಕಳುಹಿಸಿದರೆ ಆಗುವುದಿಲ್ಲ.

ಎಲ್ಲ ಜೆರಾಕ್ಸ್ ಪ್ರತಿಗಳ ಮೇಲೂ ಸಹಿ ಹಾಕಿ ತಾರೀಖು ಬರೆಯಿರಿ, ‘ಖಾತೆ ಸಂಖ್ಯೆ ಇಂಥದ್ದರ ಮುಕ್ತಾಯಕ್ಕೆ ಮಾತ್ರ’ ಎಂದು ಅಡ್ಡಲಾಗಿ ಒಂದು ಸಾಲು ಸೇರಿಸಿ. ಮೂಲ ಪ್ರತಿ ಕೈಯಲ್ಲಿರಲಿ. ಅಧಿಕಾರಿ ಹೋಲಿಸಿ ನೋಡಿ ಮೂಲವನ್ನು ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಕೊಡುವುದು ಕ್ಷೇಮ.

ಮುಚ್ಚುವ ಮೊದಲು ನೋಡಬೇಕಾದ ಒಂದು ಸಂಗತಿ

ಗೃಹಲಕ್ಷ್ಮಿ, ಪಿಎಂ ಕಿಸಾನ್, ಗ್ಯಾಸ್ ಸಬ್ಸಿಡಿಯಂಥ ನೇರ ನಗದು ವರ್ಗಾವಣೆಯ ಹಣ ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬರುವುದು ಆಧಾರ್ ಜೋಡಣೆಯಾಗಿರುವ ಖಾತೆಗೆ. ಒಬ್ಬರಿಗೆ ಇಂಥ ಖಾತೆ ಒಂದೇ. ಹಳೆಯ ಖಾತೆಯೇ ಆಧಾರ್‌ಗೆ ಜೋಡಣೆಯಾಗಿದ್ದು, ಅದನ್ನು ಮುಚ್ಚಿಬಿಟ್ಟರೆ ಮುಂದಿನ ಕಂತು ವಾಪಸ್ ಹೋಗುತ್ತದೆ. ಆಧಾರ್ ಪ್ರಾಧಿಕಾರದ myaadhaar.uidai.gov.in ತಾಣದಲ್ಲಿ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಹೊಕ್ಕರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಕಾಣುತ್ತದೆ. ಹಳೆಯ ಬ್ಯಾಂಕಿನ ಹೆಸರು ಕಂಡರೆ ಮೊದಲು ಹೊಸ ಬ್ಯಾಂಕಿನಲ್ಲಿ ಆಧಾರ್ ಜೋಡಣೆಗೆ ಅರ್ಜಿ ಕೊಟ್ಟು, ಅದು ಬದಲಾದದ್ದನ್ನು ನೋಡಿಕೊಂಡೇ ಹಳೆಯದನ್ನು ಮುಚ್ಚಿ. ಲಾಕರ್ ಬಾಡಿಗೆ, ಸಾಲದ ಕಂತು, ಆ ಖಾತೆಗೆ ಬಡ್ಡಿ ಬರುವ ಠೇವಣಿ ಇದ್ದರೂ ಹಾಗೆಯೇ.

ಅರ್ಜಿ

ಮುಕ್ತಾಯದ ಫಾರಂ ಬ್ಯಾಂಕಿನಲ್ಲೇ ಸಿಗುತ್ತದೆ. ಅದರ ಜೊತೆ ಬಿಳಿ ಹಾಳೆಯಲ್ಲಿ ಒಂದು ಪತ್ರವನ್ನೂ ಕೊಡುವುದು ಒಳ್ಳೆಯದು, ಏಕೆಂದರೆ ಹೆಸರು, ಸಹಿ, ವಿಳಾಸ ಏಕೆ ಬೇರೆ ಎಂದು ವಿವರಿಸಲು ಫಾರಂನಲ್ಲಿ ಜಾಗವಿಲ್ಲ. ಕನ್ನಡದಲ್ಲೇ ಬರೆಯಬಹುದು. ಸುಮಾ ಅವರ ಪತ್ರ ಹೀಗಿರಬಹುದು:

ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ನಿಷ್ಕ್ರಿಯ ಉಳಿತಾಯ ಖಾತೆಯನ್ನು ಸಕ್ರಿಯಗೊಳಿಸಿ, ಮುಕ್ತಾಯ ಮಾಡಿ, ಶಿಲ್ಕು ವರ್ಗಾಯಿಸುವ ಬಗ್ಗೆ.

ಮಾನ್ಯರೇ, ಹಿಂದಿನ ಸಿಂಡಿಕೇಟ್ ಬ್ಯಾಂಕಿನ ಶಾಖೆಯಲ್ಲಿ ಎಸ್. ಸುಮಾ ಎಂಬ ಹೆಸರಿನಲ್ಲಿ ನನ್ನ ಉಳಿತಾಯ ಖಾತೆ ಇದೆ. ಖಾತೆ ಸಂಖ್ಯೆಯನ್ನು ಮೇಲೆ ಬರೆದಿದ್ದೇನೆ. 2017ರ ಜೂನ್ ನಂತರ ನಾನು ಈ ಖಾತೆಯಲ್ಲಿ ವ್ಯವಹಾರ ಮಾಡಿಲ್ಲ. ಮದುವೆಯ ನಂತರ ನನ್ನ ಹೆಸರು, ವಿಳಾಸ, ಸಹಿ ಬದಲಾಗಿವೆ. ವಿವಾಹ ನೋಂದಣಿ ಪ್ರಮಾಣಪತ್ರ ಲಗತ್ತಿಸಿದ್ದೇನೆ. ನನ್ನ ಕೆವೈಸಿ ಮತ್ತು ಮೊಬೈಲ್ ಸಂಖ್ಯೆ ನವೀಕರಿಸಿ ಖಾತೆಯನ್ನು ಸಕ್ರಿಯಗೊಳಿಸಿ. ನಂತರ ಇಲ್ಲಿಯವರೆಗಿನ ಬಡ್ಡಿ ಸೇರಿಸಿ ಖಾತೆ ಮುಕ್ತಾಯ ಮಾಡಿ, ಪೂರ್ತಿ ಮೊತ್ತವನ್ನು ನನ್ನದೇ ಹೆಸರಿನ ಕೆಳಗಿನ ಖಾತೆಗೆ ನೆಫ್ಟ್ ಮೂಲಕ ಕಳುಹಿಸಿ. ಆ ಖಾತೆಯ ರದ್ದು ಮಾಡಿದ ಚೆಕ್ ಲಗತ್ತಿಸಿದ್ದೇನೆ. ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಬಳಸದ ಚೆಕ್ ಹಾಳೆಗಳನ್ನು ಹಿಂದಿರುಗಿಸಿದ್ದೇನೆ. ಮುಕ್ತಾಯದ ದೃಢೀಕರಣ ಮತ್ತು ಖಾತೆಯ ವಿವರಪಟ್ಟಿ ಕೊಡಬೇಕಾಗಿ ಕೋರುತ್ತೇನೆ.

ಕೆಳಗೆ ಹಳೆಯ ಸಹಿ, ಹೊಸ ಸಹಿ, ತಾರೀಖು, ಮೊಬೈಲ್ ಸಂಖ್ಯೆ, ಲಗತ್ತುಗಳ ಪಟ್ಟಿ.

ರದ್ದು ಮಾಡಿದ ಚೆಕ್ ಎಂದರೆ ಹಣ ಹೋಗಬೇಕಾದ ಖಾತೆಯ ಒಂದು ಚೆಕ್ ಹಾಳೆಗೆ ಎರಡು ಗೆರೆ ಎಳೆದು ‘ಕ್ಯಾನ್ಸಲ್ಡ್’ ಎಂದು ಬರೆದದ್ದು. ಅದಕ್ಕೆ ಸಹಿ ಹಾಕಬೇಡಿ. ಅದರ ಮೇಲೆ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಅಚ್ಚಾಗಿರುತ್ತದೆ, ಒಂದು ಅಂಕಿ ತಪ್ಪಿ ಹಣ ಇನ್ನಾರದೋ ಖಾತೆಗೆ ಹೋಗುವ ಭಯವಿಲ್ಲ. ಚೆಕ್ ಪುಸ್ತಕ ಇಲ್ಲದವರು ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಕೊಡಬಹುದು. ಆದರೆ ಪಾಸ್‌ಬುಕ್ಕೇ ವಿಲೀನಕ್ಕಿಂತ ಹಳೆಯದಾದರೆ ಅದರಲ್ಲಿರುವ ಐಎಫ್‌ಎಸ್‌ಸಿ ನಂಬಬೇಡಿ. ಸಿಂಡಿಕೇಟ್ ಬ್ಯಾಂಕಿನ SYNB ಎಂದು ಶುರುವಾಗುವ ಕೋಡುಗಳು 2021ರ ಜುಲೈ 1ರಿಂದ ನಡೆಯುತ್ತಿಲ್ಲ. ಈಗಿನವು CNRB ಎಂದು ಶುರುವಾಗುತ್ತವೆ.

ಹಣವನ್ನು ಗಂಡನ ಖಾತೆಗೋ ಮಗಳ ಖಾತೆಗೋ ಹಾಕಿ ಎಂದು ಕೇಳಬೇಡಿ. ಬೇರೆಯವರ ಹೆಸರಿನ ಖಾತೆ ಕಂಡ ಕೂಡಲೇ ಕಡತ ನಿಲ್ಲುತ್ತದೆ. ಜಂಟಿ ಖಾತೆಯಾದರೆ ಇನ್ನೊಂದು ಎಚ್ಚರಿಕೆ. ‘ಇಬ್ಬರಲ್ಲಿ ಯಾರಾದರೂ’ ಹಣ ತೆಗೆಯಬಹುದೆಂದು ಇದ್ದರೂ ಮುಚ್ಚಲು ಹೆಚ್ಚಿನ ಬ್ಯಾಂಕುಗಳು ಎಲ್ಲರ ಸಹಿಯನ್ನೂ ಎಲ್ಲರ ಗುರುತಿನ ದಾಖಲೆಯನ್ನೂ ಕೇಳುತ್ತವೆ. ಪಾಸ್‌ಬುಕ್ ಕಳೆದಿದ್ದರೆ ಹಾಗೆಂದು ಪತ್ರದಲ್ಲೇ ಬರೆಯಿರಿ. ಮುಚ್ಚುವುದಕ್ಕೆ ಶುಲ್ಕ ಹಾಕುವ ಬ್ಯಾಂಕುಗಳೂ ಸಾಮಾನ್ಯವಾಗಿ ಹಾಕುವುದು ತೆರೆದ ಒಂದು ವರ್ಷದೊಳಗೆ ಮುಚ್ಚಿದರೆ. ಇಷ್ಟು ಹಳೆಯ ಖಾತೆಗೆ ಕೇಳಿದರೆ ಶುಲ್ಕದ ಪಟ್ಟಿ ತೋರಿಸಿ ಎನ್ನಿ.

ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಕಾಗದ ಇದು. ಮೂರು ಕೆಲಸದ ದಿನದ ಲೆಕ್ಕ ಶುರುವಾಗುವುದು ಈ ತಾರೀಖಿನಿಂದ. ಕೆಲಸ ಆಗದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಖರ್ಚಿಲ್ಲದೆ ದೂರು ಕೊಡಬಹುದು. ಅಲ್ಲಿಯೂ ಅವರು ಮೊದಲು ಕೇಳುವುದು ಈ ಸ್ವೀಕೃತಿಯನ್ನೇ.

ಹತ್ತು ವರ್ಷ ದಾಟಿದ್ದರೆ

ಸುಮಾ ಅವರ ಖಾತೆಗೆ 2027ರ ಜೂನ್‌ನಲ್ಲಿ ಹತ್ತು ವರ್ಷ ತುಂಬುತ್ತದೆ. ಅಷ್ಟರಲ್ಲಿ ವಿಚಾರಿಸದಿದ್ದರೆ ಹಣವನ್ನು ಬ್ಯಾಂಕ್ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳುಹಿಸಬೇಕು. 2014ರಿಂದ ಇರುವ ಏರ್ಪಾಡು ಇದು. ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು ಎಂದು ಹೆದರಬೇಕಾಗಿಲ್ಲ. ಹತ್ತು ವರ್ಷ ಕಳೆದ ಮೇಲೂ ಖಾತೆದಾರರೋ ವಾರಸುದಾರರೋ ಕೇಳಬಹುದು. ಕೇಳಬೇಕಾದದ್ದು ರಿಸರ್ವ್ ಬ್ಯಾಂಕಿನಲ್ಲಿ ಅಲ್ಲ, ಅದೇ ಬ್ಯಾಂಕಿನಲ್ಲಿ, ಅವೇ ದಾಖಲೆಗಳೊಂದಿಗೆ. ಬ್ಯಾಂಕ್ ನಿಮಗೆ ಹಣ ಕೊಟ್ಟು, ಆಮೇಲೆ ನಿಧಿಯಿಂದ ತಾನು ತುಂಬಿಕೊಳ್ಳುತ್ತದೆ.

ಬದಲಾಗುವುದು ಬಡ್ಡಿ. ನಿಧಿಗೆ ಹೋದ ಹಣಕ್ಕೆ 2021ರ ಮೇ 11ರಿಂದ ಶೇಕಡಾ 3ರ ಸರಳ ಬಡ್ಡಿ. ಬಡ್ಡಿಗೆ ಬಡ್ಡಿ ಇಲ್ಲ. 2011ರ ಜೂನ್‌ನಲ್ಲಿ ಕೊನೆಯ ವ್ಯವಹಾರ ನಡೆದ ಒಂದು ಖಾತೆಯಿಂದ 20,000 ರೂಪಾಯಿ 2021ರ ಜುಲೈ ಕೊನೆಗೆ ನಿಧಿಗೆ ಹೋಯಿತು ಎನ್ನಿ. 2025ರ ಜುಲೈ ಕೊನೆಗೆ ಕೇಳಿ ಪಡೆದಿದ್ದರೆ ನಾಲ್ಕು ವರ್ಷಕ್ಕೆ ವರ್ಷಕ್ಕೆ 600ರಂತೆ 2,400 ಸೇರಿ 22,400 ರೂಪಾಯಿ ಕೈಗೆ ಬರುತ್ತಿತ್ತು.

ಇಂಥ ಹಣ ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ udgam.rbi.org.in ತಾಣ ತೆರೆಯಿತು. ಹೆಸರು, ಬ್ಯಾಂಕು, ಜೊತೆಗೆ ಪ್ಯಾನ್, ಮತದಾರರ ಚೀಟಿ ಸಂಖ್ಯೆ ಅಥವಾ ಜನ್ಮದಿನಾಂಕದಂಥ ಒಂದು ಗುರುತು ಕೊಟ್ಟರೆ ಹುಡುಕಿ ತೋರಿಸುತ್ತದೆ. ಇದರಲ್ಲಿ ಜನ ಮೋಸಹೋಗುವುದು ಒಂದೇ ಕಡೆ. ಹತ್ತು ವರ್ಷ ತುಂಬದ ನಿಷ್ಕ್ರಿಯ ಖಾತೆ ಅದರಲ್ಲಿ ಕಾಣುವುದೇ ಇಲ್ಲ. ಸುಮಾ ಈಗ ಹುಡುಕಿದರೆ ‘ಏನೂ ಇಲ್ಲ’ ಎಂದೇ ಬಂದೀತು. ಹಾಗೆ ಬಂದರೆ ಬ್ಯಾಂಕಿಗೇ ಹೋಗಬೇಕು.

ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಹೆಚ್ಚಿನ ಒಂದು ಮೆಟ್ಟಿಲಿದೆ. ದೇಶ ಬಿಟ್ಟು ಅನಿವಾಸಿಯಾದ ಮೇಲೆ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕಿತ್ತು; ಮರೆತವರೇ ಹೆಚ್ಚು. ಮುಚ್ಚುವಾಗ ಹಣವನ್ನು ಭಾರತದಲ್ಲಿರುವ ನಿಮ್ಮ ಎನ್‌ಆರ್‌ಒ ಖಾತೆಗೆ ಕೇಳುವುದು ಸರಳ ದಾರಿ. ದಾಖಲೆಗಳ ಪ್ರತಿಯನ್ನು ಅಲ್ಲಿನ ನೋಟರಿ, ಭಾರತೀಯ ರಾಯಭಾರ ಕಚೇರಿ ಅಥವಾ ಭಾರತದ ಬ್ಯಾಂಕಿನ ವಿದೇಶಿ ಶಾಖೆಯ ಅಧಿಕಾರಿಯಿಂದ ದೃಢೀಕರಿಸಿ ಕಳುಹಿಸಬಹುದು. ಖಾತೆದಾರರು ತೀರಿಕೊಂಡಿದ್ದರೆ ಅದು ಮುಕ್ತಾಯದ ಅರ್ಜಿ ಅಲ್ಲ, ಕ್ಲೇಮ್. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಬೇರೆಯದೇ ಫಾರಂ ಬೇಕು. ತೀರಿಕೊಂಡವರ ಎಟಿಎಂ ಕಾರ್ಡ್ ಬಳಸಿ ಹಣ ತೆಗೆದು ಆಮೇಲೆ ಮುಚ್ಚಲು ಹೋಗುವುದು ಮಾತ್ರ ಬೇಡ.

ಕೊನೆಯದಾಗಿ, ನಿಮ್ಮ ಹಳೆಯ ಖಾತೆಯ ಹಣ ಬಿಡಿಸಿಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಒಟಿಪಿಯನ್ನೋ ಮುಂಗಡವನ್ನೋ ಕೇಳಿದರೆ ಕೊಡಬೇಡಿ. ಖಾತೆ ಎಬ್ಬಿಸಲು ಶುಲ್ಕವಿಲ್ಲ, ದಲ್ಲಾಳಿಯ ಅಗತ್ಯವಿಲ್ಲ. ಹಳೆಯ ಪಾಸ್‌ಬುಕ್ಕುಗಳಿದ್ದರೆ ಈ ವಾರ ತೆಗೆದು, ಕೊನೆಯ ವ್ಯವಹಾರದ ತಾರೀಖು ನೋಡಿ, ಅದಕ್ಕೆ ಹತ್ತು ವರ್ಷ ಸೇರಿಸಿ. ಆ ತಾರೀಖು ಹತ್ತಿರವಿರುವ ಖಾತೆಯಿಂದ ಕೆಲಸ ಶುರುಮಾಡಿ.